ಆಮದು ದಾಖಲೆ: ಸರಕು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ

ಮಾನ್ಯ ಸಂಪಾದಕರೇ,

ಹೊಸದಾಗಿ ಆಮದು ಶುರು ಮಾಡುವವರಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ರಫ್ತುದಾರರಿಂದ ಕಮರ್ಷಿಯಲ್ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮತ್ತು ಸರ್ಟಿಫಿಕೇಟ್ ಆಫ್ ಒರಿಜಿನ್ ತರಿಸಿಕೊಂಡರೆ ಕಸ್ಟಮ್ಸ್ ಕೆಲಸ ಸಲೀಸು ಎಂದು ಅದರಲ್ಲಿತ್ತು. ಮೂರೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರೂ ಕೈಯಲ್ಲಿದ್ದೂ ಸರಕು ಬಂದರಿನಲ್ಲೇ ಕೂತಿರುವುದನ್ನು ದಾಖಲೆಗಳ ಕೆಲಸದಲ್ಲಿರುವ ನಾನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಕಾರಣ ಇಷ್ಟೇ: ಕಸ್ಟಮ್ಸ್ ಅಧಿಕಾರಿ ಈ ಕಾಗದಗಳನ್ನು ಬಿಡಿಬಿಡಿಯಾಗಿ ಓದುವುದಿಲ್ಲ. ಒಂದರ ಪಕ್ಕ ಇನ್ನೊಂದನ್ನು ಇಟ್ಟುಕೊಂಡು ಓದುತ್ತಾರೆ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕೆಲಸ ನಿಲ್ಲುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರು ಸ್ಟೀಲ್ ಬಾಲ್ ವಾಲ್ವ್ ತರಿಸುತ್ತಿದ್ದಾರೆ. ಒಟ್ಟು 1200 ವಾಲ್ವ್, ಒಂದಕ್ಕೆ 5 ಡಾಲರ್, ಒಟ್ಟು 6000 ಡಾಲರ್. ಒಂದು ಕಾರ್ಟನ್‌ಗೆ 20ರಂತೆ 60 ಕಾರ್ಟನ್. ಮಾರಾಟಗಾರರು ಒಳ್ಳೆಯ ಮನಸ್ಸಿನಿಂದ 300 ಸೆಟ್ ರಬ್ಬರ್ ಗ್ಯಾಸ್ಕೆಟ್‌ಗಳನ್ನು ಉಚಿತವಾಗಿ ಕೊಟ್ಟು, ಅವನ್ನು ಇನ್ನೆರಡು ಕಾರ್ಟನ್‌ಗಳಲ್ಲಿ ಹಾಕಿದ್ದಾರೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ 62 ಕಾರ್ಟನ್, ಗ್ರಾಸ್ ತೂಕ 1040 ಕಿಲೋ ಎಂದಿದೆ. ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್‌ನಲ್ಲಿ ಮಾತ್ರ 3 ಪ್ಯಾಕೇಜ್, 1100 ಕಿಲೋ ಎಂದಿದೆ. ಇನ್‌ವಾಯ್ಸ್‌ನಲ್ಲಿ ಇರುವುದು ಒಂದೇ ಸಾಲು: ವಾಲ್ವ್ 1200.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೂ ಅಧಿಕಾರಿಗೆ ಕಾಣುವುದು ಎರಡು ಪ್ರಶ್ನೆ. ಮೊದಲನೆಯದು, 62 ಪೆಟ್ಟಿಗೆ 3 ಹೇಗಾಯಿತು, 60 ಕಿಲೋ ಎಲ್ಲಿಂದ ಬಂತು? ಉತ್ತರ ಸುಲಭ. ಕಾರ್ಟನ್‌ಗಳನ್ನು ಮೂರು ಪ್ಯಾಲೆಟ್ ಮೇಲೆ ಜೋಡಿಸಿ ಕಟ್ಟಿದ್ದಾರೆ. ಒಂದೊಂದು ಪ್ಯಾಲೆಟ್ 20 ಕಿಲೋ ತೂಗುತ್ತದೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ "3 ಪ್ಯಾಲೆಟ್, ಅದರಲ್ಲಿ 62 ಕಾರ್ಟನ್, ಪ್ಯಾಲೆಟ್ ಸೇರಿ ಗ್ರಾಸ್ ತೂಕ 1100 ಕಿಲೋ" ಎಂದು ಒಂದು ಸಾಲು ಬರೆದಿದ್ದರೆ ಪ್ರಶ್ನೆಯೇ ಬರುತ್ತಿರಲಿಲ್ಲ.

ಎರಡನೆಯದು ಸ್ವಲ್ಪ ಗಂಭೀರ. ಆ ಗ್ಯಾಸ್ಕೆಟ್‌ಗಳು ಇನ್‌ವಾಯ್ಸ್‌ನಲ್ಲೇ ಇಲ್ಲ. ದುಡ್ಡು ಕೊಡದಿದ್ದರೂ ಅವು ಗಡಿ ದಾಟಿ ಬಂದ ವಸ್ತುಗಳು, ಅವಕ್ಕೊಂದು ಬೆಲೆ ಇದ್ದೇ ಇದೆ. ಇನ್‌ವಾಯ್ಸ್‌ನಲ್ಲಿ ಇಲ್ಲದ್ದು ಪೆಟ್ಟಿಗೆಯಲ್ಲಿ ಸಿಕ್ಕರೆ ಅದು ಘೋಷಿಸದ ಸರಕು. ಉಚಿತವಾಗಿ ಬರುವುದಕ್ಕೂ ಇನ್‌ವಾಯ್ಸ್‌ನಲ್ಲಿ ಪ್ರತ್ಯೇಕ ಸಾಲು ಇರಬೇಕು. ಏನು, ಎಷ್ಟು, ನ್ಯಾಯವಾದ ಬೆಲೆ ಎಷ್ಟು, ಎಲ್ಲಾ ಬರಬೇಕು. "ಹಣ ಪಡೆದಿಲ್ಲ, ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ" ಎಂಬ ಟಿಪ್ಪಣಿಯೂ ಬೇಕು. ಸೆಟ್‌ಗೆ 20 ಸೆಂಟ್ ಎಂದರೂ 60 ಡಾಲರ್ ಆಯಿತು. ಸೊನ್ನೆ ಎಂದು ಬರೆದರೆ ನಡೆಯುವುದಿಲ್ಲ. ಸರಕು ಯಾವ ವರ್ಗದ್ದು ಎಂದು ಹೇಳುವ ಎಚ್‌ಎಸ್ ಕೋಡ್ ಕೂಡ ಬೇರೆ. ವಾಲ್ವ್ 8481.80ರಲ್ಲಿ ಬಂದರೆ, ರಬ್ಬರ್ ಗ್ಯಾಸ್ಕೆಟ್ 4016.93ರಲ್ಲಿ ಬರುತ್ತದೆ. ಸುಂಕದ ದರವೂ ಬೇರೆ ಇರಬಹುದು.

ಇನ್‌ವಾಯ್ಸ್ ಬಗ್ಗೆ ಇನ್ನೊಂದು ಮಾತು. ಪ್ರೊಫಾರ್ಮಾ ಇನ್‌ವಾಯ್ಸ್ ಕೈಗೆ ಬಂತೆಂದರೆ ಇನ್‌ವಾಯ್ಸ್ ಬಂತು ಎಂದುಕೊಳ್ಳುವವರು ಜಾಸ್ತಿ. ಅದು ಬರೀ ಕೊಟೇಶನ್ ಇದ್ದ ಹಾಗೆ. ಕಸ್ಟಮ್ಸ್‌ಗೆ ಬೇಕಾಗಿರುವುದು ನಿಜವಾಗಿ ನಡೆದ ಮಾರಾಟದ ಬೆಲೆ. ವಿಶ್ವ ವ್ಯಾಪಾರ ಸಂಸ್ಥೆಯ ಮೌಲ್ಯಮಾಪನ ಒಪ್ಪಂದ ಹೇಳುವುದೂ ಅದನ್ನೇ: ಸರಕಿಗೆ ಕೊಟ್ಟ ಅಥವಾ ಕೊಡಬೇಕಾದ ಬೆಲೆಯೇ ಲೆಕ್ಕದ ಬುಡ. ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಆ ಬೆಲೆಗೆ ಸೇರಿಸಬೇಕೋ ಬೇಡವೋ ಎನ್ನುವುದನ್ನು ಅದೇ ಒಪ್ಪಂದ ಆಯಾ ದೇಶಕ್ಕೆ ಬಿಟ್ಟಿದೆ. ಹಾಗಾಗಿ ಬಾಡಿಗೆ, ವಿಮೆ ಸೇರದ ಎಫ್‌ಒಬಿ ಬೆಲೆ ಅಥವಾ ಎರಡೂ ಸೇರಿದ ಸಿಐಎಫ್ ಬೆಲೆ ಎಂದು ಬರೆದರಷ್ಟೇ ಸಾಲದು. ಯಾವ ಬಂದರು ಎಂಬುದೂ ಇರಬೇಕು. ಸಿಐಎಫ್ ಆಗಿದ್ದರೆ ಸರಕಿನ ಬೆಲೆ, ಬಾಡಿಗೆ, ವಿಮೆ ಮೂರನ್ನೂ ಬಿಡಿಸಿ ಬರೆಯಲು ಕೇಳಿ. ಬಿಡಿಸದೇ ಬಂದರೆ, ಬಾಡಿಗೆಯನ್ನು ಕಳೆಯಲು ಅವಕಾಶವಿರುವ ದೇಶದಲ್ಲೂ ಕಳೆಯುವುದಕ್ಕೆ ಆಧಾರ ಇರುವುದಿಲ್ಲ.

ಇನ್ನು ಸರ್ಟಿಫಿಕೇಟ್ ಆಫ್ ಒರಿಜಿನ್. ನಿಮ್ಮ ಬರಹದಲ್ಲಿ ಇದಕ್ಕೆ ಒಂದೇ ಸಾಲು ಸಿಕ್ಕಿತ್ತು. ಜಾಸ್ತಿ ತಕರಾರು ಹುಟ್ಟುವುದೇ ಇಲ್ಲಿ. ಇದರಲ್ಲಿ ಎರಡು ಬಗೆ ಇದೆ. ಒಂದು, ಸರಕು ಇಂಥ ದೇಶದ್ದು ಎಂದಷ್ಟೇ ಹೇಳುವ ಸಾಮಾನ್ಯ ಪ್ರಮಾಣಪತ್ರ. ಸಾಮಾನ್ಯವಾಗಿ ವಾಣಿಜ್ಯ ಮಂಡಳಿಗಳು ಕೊಡುತ್ತವೆ. ಇದರಿಂದ ಸುಂಕ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಇನ್ನೊಂದು, ಎರಡು ದೇಶಗಳ ನಡುವೆ ವ್ಯಾಪಾರ ಒಪ್ಪಂದ ಇದ್ದಾಗ ರಿಯಾಯಿತಿ ಸುಂಕಕ್ಕಾಗಿ ಕೊಡುವ ಪ್ರಮಾಣಪತ್ರ. ಅದಕ್ಕೆ ಆ ಒಪ್ಪಂದದಲ್ಲೇ ಹೇಳಿದ ನಮೂನೆ ಇರುತ್ತದೆ. ಅದನ್ನು ಯಾರು ಕೊಡಬಹುದು ಎಂಬುದೂ ಅಲ್ಲೇ ಇರುತ್ತದೆ. ಕೆಲವು ಒಪ್ಪಂದಗಳಲ್ಲಿ ರಫ್ತುದಾರರೇ ಘೋಷಣೆ ಬರೆದುಕೊಟ್ಟರೆ ಸಾಕು. "ಸರ್ಟಿಫಿಕೇಟ್ ಕಳಿಸಿ" ಎಂದು ಸುಮ್ನೆ ಕೇಳಿದರೆ ಬರುವುದು ಹೆಚ್ಚಾಗಿ ಮೊದಲನೆಯದು. ಆಮದುದಾರರು ಎರಡನೆಯದರ ಲೆಕ್ಕದಲ್ಲಿ ಲಾಭ ಹಾಕಿಕೊಂಡಿರುತ್ತಾರೆ. ಗೊತ್ತಾಗುವ ಹೊತ್ತಿಗೆ ಹಡಗು ಬಂದು ನಿಂತಿರುತ್ತದೆ.

ಸರಿಯಾದ ಬಗೆಯದೇ ಬಂತು ಎನ್ನೋಣ. ಆಗಲೂ ನೋಡಬೇಕಾದ್ದು ಬಾಕಿ ಇದೆ. ಸರಕು ಎಲ್ಲಿಂದ ಹಡಗು ಹತ್ತಿತು ಎಂಬುದೇ ಬೇರೆ, ಎಲ್ಲಿ ತಯಾರಾಯಿತು ಎಂಬುದೇ ಬೇರೆ. ನಮ್ಮ ಉದಾಹರಣೆಯ ಮಾರಾಟಗಾರರು ವಾಲ್ವ್‌ನ ಬಾಡಿ, ಬಾಲ್, ಹ್ಯಾಂಡಲ್ ಎಲ್ಲವನ್ನೂ ಮೂರನೇ ದೇಶದಿಂದ ತರಿಸಿ, ತಮ್ಮಲ್ಲಿ ಜೋಡಿಸಿ, ಪರೀಕ್ಷೆ ಮಾಡಿ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅದು ಅವರ ದೇಶದ ವಾಲ್ವ್ ಆಯಿತೇ?

ಇದನ್ನು ತೀರ್ಮಾನಿಸುವುದು ಒಪ್ಪಂದದ ನಿಯಮ. ಅನೇಕ ಒಪ್ಪಂದಗಳಲ್ಲಿ ಕಾಣುವ ಒಂದು ನಿಯಮ ಹೀಗಿದೆ: ಹೊರಗಿನಿಂದ ತಂದ ಕಚ್ಚಾವಸ್ತುವಿನ ಎಚ್‌ಎಸ್ ಕೋಡಿನ ಮೊದಲ ನಾಲ್ಕು ಅಂಕಿ, ತಯಾರಾದ ವಸ್ತುವಿನ ನಾಲ್ಕು ಅಂಕಿಗಿಂತ ಬೇರೆ ಇರಬೇಕು. ಸ್ಟೀಲ್ ಬಾರ್ ತಂದು ಕಡೆದು ವಾಲ್ವ್ ಮಾಡಿದರೆ ಇದು ಪಾಸ್. ಸ್ಟೀಲ್ ಬಾರ್ 72ನೇ ಅಧ್ಯಾಯದಲ್ಲಿದೆ, ವಾಲ್ವ್ 8481ರಲ್ಲಿದೆ. ಆದರೆ ವಾಲ್ವ್‌ನ ಬಿಡಿಭಾಗಗಳು ಬರುವುದು 8481.90ರಲ್ಲಿ. ವಾಲ್ವ್ 8481.80ರಲ್ಲಿ. ನಾಲ್ಕು ಅಂಕಿ ಎರಡಕ್ಕೂ ಒಂದೇ! ಜೋಡಣೆಗೆ ಎಷ್ಟೇ ಕೆಲಸ ಹಿಡಿದಿರಲಿ, ಈ ನಿಯಮದಲ್ಲಿ ಅದು ಫೇಲ್. ಆರು ಅಂಕಿ ಮಟ್ಟದ ಬದಲಾವಣೆ ಸಾಕು ಎನ್ನುವ ಒಪ್ಪಂದವಾದರೆ ಪಾಸ್. ಇಲ್ಲವೇ ಬೆಲೆಯಲ್ಲಿ ಇಷ್ಟು ಪಾಲು ಒಪ್ಪಂದದ ದೇಶದಲ್ಲೇ ಹುಟ್ಟಿರಬೇಕು ಎಂಬ ನಿಯಮದಲ್ಲಿ ಪಾಸಾಗಬೇಕು. ಕೆಲವು ಒಪ್ಪಂದಗಳಲ್ಲಿ ಅದು 35 ಪ್ರತಿಶತ, ಕೆಲವದರಲ್ಲಿ 40. ಎರಡೂ ನಿಯಮ ಒಟ್ಟಿಗೆ ಬೇಕು ಎನ್ನುವ ಒಪ್ಪಂದಗಳೂ ಇವೆ. ಬರೀ ಲೇಬಲ್ ಹಚ್ಚಿ, ಬಾಕ್ಸ್ ಬದಲಿಸಿದರೆ ಮಾತ್ರ ಎಲ್ಲಿಯೂ ಮೂಲ ದೇಶ ಬದಲಾಗುವುದಿಲ್ಲ.

ಆದ್ದರಿಂದ ಪ್ರಮಾಣಪತ್ರದಲ್ಲಿ ದೇಶದ ಹೆಸರು ಒಂದನ್ನೇ ನೋಡಬೇಡಿ. ಯಾವ ಮಾನದಂಡದ ಮೇಲೆ ಕೊಟ್ಟಿದ್ದಾರೆ ಎಂಬ ಕಾಲಂ ನೋಡಿ. ಅಲ್ಲಿ ಪೂರ್ತಿ ಅದೇ ದೇಶದಲ್ಲಿ ಹುಟ್ಟಿದ ವಸ್ತು ಎಂಬ ಅಕ್ಷರಗಳಿದ್ದರೆ ಕಿವಿ ನೆಟ್ಟಗಾಗಬೇಕು. ಅದು ಗಣಿಯಿಂದ ತೆಗೆದ ಅದಿರಿಗೋ ಹೊಲದಲ್ಲಿ ಬೆಳೆದ ಧಾನ್ಯಕ್ಕೋ ಸರಿ. ಕಾರ್ಖಾನೆಯಲ್ಲಿ ಜೋಡಿಸಿದ ವಾಲ್ವ್‌ಗೆ ಹೊಂದುವುದು ಬಹಳ ಕಷ್ಟ. ಪೆಟ್ಟಿಗೆ ಮೇಲೆ ಅಥವಾ ವಾಲ್ವ್ ಮೇಲೆಯೇ ಬೇರೆ ದೇಶದ ಹೆಸರು ಅಚ್ಚಾಗಿದೆಯೇ ಎಂದು ಫೋಟೊ ತರಿಸಿ ನೋಡಿ. ತಪಾಸಣೆಯಲ್ಲಿ ಅಧಿಕಾರಿಗೆ ಮೊದಲು ಕಾಣುವುದು ಅದೇ ಅಲ್ವಾ?

ಎಚ್‌ಎಸ್ ಕೋಡಿನ ವಿಷಯದಲ್ಲಿ ಒಂದು ಸಮಾಧಾನದ ಮಾತೂ ಇದೆ. ಪ್ರಮಾಣಪತ್ರದ ಕೋಡ್ ಬೇರೆ ಕಂಡ ತಕ್ಷಣ ತಪ್ಪು ಎನ್ನಬೇಡಿ. ಈ ಪದ್ಧತಿ ಆಗಾಗ ಪರಿಷ್ಕರಣೆಯಾಗುತ್ತದೆ. 2012, 2017, 2022ರಲ್ಲಿ ಹೊಸ ಆವೃತ್ತಿಗಳು ಬಂದವು. ಒಪ್ಪಂದ ಹಳೆಯ ಆವೃತ್ತಿಯಲ್ಲಿ ಬರೆದದ್ದಾದರೆ ಪ್ರಮಾಣಪತ್ರದಲ್ಲೂ ಹಳೆಯ ಕೋಡ್ ಇರಬಹುದು. ಯಾವ ಆವೃತ್ತಿ ಎಂದು ರಫ್ತುದಾರರನ್ನು ಕೇಳಿ, ನಿಮ್ಮ ಕ್ಲಿಯರಿಂಗ್ ಏಜೆಂಟ್ ಹತ್ತಿರ ತಾಳೆ ನೋಡಿಸಿ.

ಇದೆಲ್ಲಾ ಯಾವಾಗ ಕೇಳಬೇಕು? ಕಂಟೇನರ್‌ಗೆ ಸೀಲ್ ಬೀಳುವ ಮೊದಲು. ಮೂರೂ ದಾಖಲೆಗಳ ಡ್ರಾಫ್ಟ್ ಇಮೇಲ್‌ನಲ್ಲಿ ತರಿಸಿಕೊಳ್ಳಿ, ಬಿಲ್ ಆಫ್ ಲೇಡಿಂಗ್ ಡ್ರಾಫ್ಟ್ ಸಿದ್ಧವಾದ ಕೂಡಲೇ ಅದನ್ನೂ ತರಿಸಿ. ಮೊದಲು ಇನ್‌ವಾಯ್ಸ್ ಪಕ್ಕಾ ಆಗಬೇಕು, ಆಮೇಲೆ ಪ್ಯಾಕಿಂಗ್ ಲಿಸ್ಟ್, ಕೊನೆಗೆ ಪ್ರಮಾಣಪತ್ರ. ಪ್ರಮಾಣಪತ್ರದಲ್ಲಿ ಇನ್‌ವಾಯ್ಸ್ ನಂಬರ್ ಮತ್ತು ತಾರೀಕು ಬರುವುದೇ ಇದಕ್ಕೆ ಕಾರಣ. ಅದು ಕೈಗೆ ಬಂದ ಮೇಲೆ ಗ್ಯಾಸ್ಕೆಟ್ ಸೇರಿಸಿ ಹೊಸ ನಂಬರಿನ ಇನ್‌ವಾಯ್ಸ್ ಮಾಡಿದರೆ ಪ್ರಮಾಣಪತ್ರಕ್ಕೂ ಇನ್‌ವಾಯ್ಸ್‌ಗೂ ಸಂಬಂಧವೇ ಕಡಿದುಹೋಗುತ್ತದೆ. ಇನ್‌ವಾಯ್ಸ್ ಅನ್ನು ರಫ್ತುದಾರರು ಅರ್ಧ ಗಂಟೆಯಲ್ಲಿ ತಿದ್ದಿ ಕಳಿಸಬಹುದು. ಪ್ರಮಾಣಪತ್ರವನ್ನು ಹಾಗೆ ತಿದ್ದಲು ಬರುವುದಿಲ್ಲ. ಕೊಟ್ಟ ಕಚೇರಿಯೇ ತಿದ್ದಿ ಸೀಲ್ ಹಾಕಬೇಕು, ಇಲ್ಲವೇ ಹಳೆಯದನ್ನು ರದ್ದು ಮಾಡಿ ಹೊಸದು ಕೊಡಬೇಕು. ಸರಕು ಹೊರಟ ಮೇಲೆ ಕೊಡಲು ಹಲವು ಒಪ್ಪಂದಗಳಲ್ಲಿ ಅವಕಾಶವಿದೆ. ಆದರೆ ತಡವಾಗಿ ಕೊಟ್ಟದ್ದು ಎಂದು ಅದರ ಮೇಲೆ ನಮೂದಾಗಿರಬೇಕು.

ಕೇಳುವಾಗಲೂ "ಎಲ್ಲಾ ದಾಖಲೆ ಕಳಿಸಿ" ಎಂದು ಬರೆಯಬೇಡಿ. ನಾನು ಹೀಗೆ ಬರೆಯಲು ಹೇಳುತ್ತೇನೆ: "ಇನ್‌ವಾಯ್ಸ್‌ನಲ್ಲಿ ಉಚಿತ ಗ್ಯಾಸ್ಕೆಟ್‌ಗಳನ್ನು ಬೆಲೆ ಸಮೇತ ಎರಡನೇ ಸಾಲಾಗಿ ಸೇರಿಸಿ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಪ್ಯಾಲೆಟ್ ಸಂಖ್ಯೆ ಮತ್ತು ತೂಕ ಹಾಕಿ. ಗ್ಯಾಸ್ಕೆಟ್ ಯಾವ ನಂಬರಿನ ಕಾರ್ಟನ್‌ನಲ್ಲಿದೆ ತಿಳಿಸಿ. ವಾಲ್ವ್‌ನ ಬಿಡಿಭಾಗಗಳು ಯಾವ ದೇಶದವು? ಯಾವ ಮಾನದಂಡದ ಮೇಲೆ ರಿಯಾಯಿತಿ ಪ್ರಮಾಣಪತ್ರ ಪಡೆಯುತ್ತೀರಿ?" ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪೂರ್ತಿ ಸುಂಕ ಹಾಕಿಯೇ ಖರ್ಚು ಲೆಕ್ಕ ಮಾಡಿ. ಸರಕು ಬಿಡುಗಡೆಯಾದ ಮೇಲೂ ಕಸ್ಟಮ್ಸ್‌ನವರು ಮೂಲ ದೇಶದ ಬಗ್ಗೆ ವಿಚಾರಣೆ ಮಾಡಬಹುದು. ಪ್ರಮಾಣಪತ್ರ ನಿಲ್ಲದಿದ್ದರೆ ಬಾಕಿ ಸುಂಕ ಕಟ್ಟಬೇಕಾದವರು ಆಮದುದಾರರು.

ಮುಂದೆ ಈ ವಿಷಯದ ಮೇಲೆ ಬರೆಸುವಾಗ ದಯವಿಟ್ಟು ಪ್ರಮಾಣಪತ್ರದ ಎರಡು ಬಗೆಯನ್ನು ಬೇರೆ ಬೇರೆಯಾಗಿ ತಿಳಿಸಿ. ಸಾಧ್ಯವಾದರೆ ಒಂದೇ ಸರಕಿನ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮತ್ತು ಪ್ರಮಾಣಪತ್ರದ ಮಾದರಿಗಳನ್ನು ಅಕ್ಕಪಕ್ಕ ಅಚ್ಚು ಹಾಕಿ, ಯಾವ ಕಾಲಂ ಯಾವುದಕ್ಕೆ ತಾಳೆಯಾಗಬೇಕು ಎಂದು ಗೆರೆ ಎಳೆದು ತೋರಿಸಿ.

ಇಂತಿ,
ಆಮದು ದಾಖಲೆಗಳ ಕೆಲಸದಲ್ಲಿರುವ ಓದುಗ