ಆರು ಸಲ ಸೆಮೆನ್ ಹಾಕಿದರು, ಒಂದು ಸಲವೂ ಹಸು ಪರೀಕ್ಷೆ ಮಾಡಲಿಲ್ಲ

ಮಾನ್ಯ ಶಾಸಕರಿಗೆ,

ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಿಂದ ನಮಸ್ಕಾರ. ನನಗಿರೋದು ಎರಡು ಹಸು. ಅದರಲ್ಲಿ ಒಂದು ಎಚ್.ಎಫ್. ಕ್ರಾಸ್. ದೀಪಾವಳಿ ಹೊತ್ತಿಗೆ ಕರು ಹಾಕಿತು. ಶಿವರಾತ್ರಿಯಿಂದ ಜೂನ್‌ವರೆಗೆ ಆರು ಸಲ ಸೆಮೆನ್ ಹಾಕಿಸಿದೆ. ಆರು ಸಲವೂ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ತಿರುಗಿತು. ಹಾಲು ಇಳಿಯುತ್ತಾ ಬಂತು, ಹಿಂಡಿ ಬೂಸಾದ ಸಾಲ ಮಾತ್ರ ಏರುತ್ತಾ ಹೋಯಿತು.

ಮೂರು ಸಲ ಹಾಕಿದರೂ ಗಬ್ಬ ನಿಲ್ಲದ ಹಸುವನ್ನು ಬೇರೆ ರೀತಿ ನೋಡಬೇಕು ಅನ್ನೋದು ಪಶುಸಂಗೋಪನೆ ಇಲಾಖೆಯವರಿಗೆ ಗೊತ್ತಿರುತ್ತೆ. ನಾನು ಹೇಳಿಕೊಡಬೇಕಾಗಿಲ್ಲ. ಆದರೂ ನಾಲ್ಕನೇ ಸಲ ಸೆಮೆನ್ ಹಾಕೋಕೆ ಬಂದವರು ಕೇಳಿದ ಒಂದೇ ಪ್ರಶ್ನೆ, "ಅಮ್ಮಾ, ಟ್ಯಾಗ್ ನಂಬರ್ ಎಷ್ಟು?"

ಒಂದು ದಿನದ ಕಥೆ ಹೇಳಲೇಬೇಕು. ಸೋಮವಾರ ಬೆಳಗಿನ ಜಾವ ಐದೂವರೆಗೆ ಹಸು ಕೂಗಿತು. ಇನ್ನೊಂದು ಹಸು ಮೇಲೆ ಹತ್ತಿದರೆ ಅಲುಗಾಡದೆ ನಿಂತಿತು. ಅದೇ ಸರಿಯಾದ ಬೆದೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಬೇಕು. ಬೆದೆ ಮುಗಿದು ಸುಮಾರು ಹತ್ತು ಹನ್ನೆರಡು ಗಂಟೆಗೆ ಅಂಡ ಬೀಳುತ್ತೆ, ಬಿದ್ದ ಮೇಲೆ ಅದಕ್ಕಿರೋದು ಕೆಲವೇ ಗಂಟೆ ಆಯಸ್ಸು. ನಾನು ಆರಕ್ಕೇ ಫೋನ್ ಮಾಡಿದೆ. ಬಂದಿದ್ದು ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಮೂವತ್ಮೂರು ಗಂಟೆ ಆಗಿತ್ತು! ಕ್ಯಾನಿನಿಂದ ಸೆಮೆನ್ ತುಂಬಿದ ಸ್ಟ್ರಾ ತೆಗೆದು ಅಂಗಿ ಜೇಬಿನಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಮಾತಾಡುತ್ತಾ ನಿಂತರು. ಮೈನಸ್ 196 ಡಿಗ್ರಿ ಚಳಿಯಲ್ಲಿದ್ದ ವಸ್ತು ಅದು. ಮೂವತ್ತೇಳು ಡಿಗ್ರಿ ಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಇಟ್ಟು, ಒರೆಸಿ, ತಕ್ಷಣ ಹಾಕಬೇಕು. ನೀರು ಕಾಯಿಸಿ ಇಟ್ಟಿದ್ದೆ. "ಬೇಡ ಬಿಡಮ್ಮ" ಅಂದರು. ಅವರ ಜೇಬು ಅಷ್ಟು ಬೆಚ್ಚಗಿರುತ್ತೇನೋ!

ಸ್ವಾಮಿ, ಮೂರು ಸಲ ತಿರುಗಿದ ಹಸುವನ್ನು ನಾಲ್ಕನೇ ಸಲ ಹಾಕುವ ಮೊದಲು ಪರೀಕ್ಷೆ ಮಾಡಿಸಿ. ನಾನು ಕೇಳೋದು ಇಷ್ಟೇ.

ಆರನೇ ಸಲವೂ ತಿರುಗಿದಾಗ ನಿವೃತ್ತರಾದ ಪಶುವೈದ್ಯರೊಬ್ಬರನ್ನು ಕೈಕಾಲು ಹಿಡಿದು ಕರೆತಂದೆ. ಮೊದಲು ಅವರು ಬೆದೆಯ ದಿನಾಂಕ ಕೇಳಿದರು. ಕ್ಯಾಲೆಂಡರ್ ತೋರಿಸಿದೆ. ಇಪ್ಪತ್ತೊಂದು, ಇಪ್ಪತ್ತು, ಇಪ್ಪತ್ತೆರಡು ದಿನ. ಹೀಗೆ ಸರಿಯಾಗಿ ಬಂದರೆ ಒಂದೋ ಅಂಡಕ್ಕೆ ಬೀಜ ಕೂಡಿಯೇ ಇಲ್ಲ, ಇಲ್ಲವೇ ಕೂಡಿದ ಎರಡು ವಾರದೊಳಗೇ ಕರಗಿಹೋಗಿದೆ ಅಂದರು. ಮೂವತ್ತು ಮೂವತ್ತೈದು ದಿನಕ್ಕೆ ತಿರುಗಿದ್ದರೆ ಗರ್ಭ ಸ್ವಲ್ಪ ಬೆಳೆದು ಹೋಗಿರಬಹುದು, ನಲವತ್ತು ದಿನ ದಾಟಿ ತಿರುಗಿದ್ದರೆ ನಡುವೆ ಒಂದು ಬೆದೆ ನಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು.

ಆಮೇಲೆ ಬೆದೆಯ ಲೋಳೆ ಹಿಡಿದು ಮಗಳ ಸ್ಲೇಟಿನ ಮೇಲೆ ಹರಡಿದರು. ಮೊಟ್ಟೆ ಬಿಳಿಯ ಹಾಗೆ ತಿಳಿಯಾಗಿ ಇರಬೇಕಿತ್ತು. ಇದರಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆ. ಒಂದಿಷ್ಟು ಲೋಳೆಗೆ ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿ ಕಾಯಿಸಿದಾಗ ಹಳದಿಯಾಯಿತು. ಗರ್ಭಕೋಶದಲ್ಲಿ ಸೋಂಕಿದೆ ಅಂತ ಅರ್ಥ. ಆಗ ನೆನಪಾಯಿತು, ಕರು ಹಾಕಿದಾಗ ಮಾಸು ಬೀಳೋಕೆ ತಡವಾಗಿ ಕೈ ಹಾಕಿ ತೆಗೆಸಿದ್ದೆವು. ಮೇಲೆ ನೋಡಿದರೆ ಹಸು ಚೆನ್ನಾಗಿಯೇ ಇತ್ತು. ಮೇವು ತಿನ್ನುತ್ತಿತ್ತು, ಬೆದೆಗೂ ಬರುತ್ತಿತ್ತು. ಅಂಥ ಗರ್ಭಕೋಶಕ್ಕೆ ಎಷ್ಟು ಸ್ಟ್ರಾ ಹಾಕಿದರೇನು?

ಆ ಬೆದೆಗೆ ಸೆಮೆನ್ ಹಾಕಲಿಲ್ಲ, ಗರ್ಭಕೋಶಕ್ಕೆ ಔಷಧಿ ಬಿಟ್ಟರು. ಮುಂದಿನ ಬೆದೆಗೆ ಲೋಳೆ ತಿಳಿಯಾಗಿತ್ತು. ಕ್ರಾಸ್ ಹಸುಗಳಲ್ಲಿ ಅಂಡ ಬೀಳೋದು ತಡವಾಗುವುದೂ ಉಂಟಂತೆ, ಅದಕ್ಕೇ ಹನ್ನೆರಡು ಗಂಟೆ ಬಿಟ್ಟು ಎರಡು ಸಲ ಹಾಕಿಸಿದರು. ಮೆಕ್ಕೆಜೋಳದ ಒಣ ಸಪ್ಪೆ ಒಂದನ್ನೇ ನಂಬಬೇಡಿ, ದಿನಕ್ಕೆ ಐವತ್ತು ಗ್ರಾಂ ಖನಿಜ ಮಿಶ್ರಣ ಕೊಡಿ ಅಂತಲೂ ಹೇಳಿದರು. ಇವತ್ತಿಗೆ ಇಪ್ಪತ್ತಾರು ದಿನ, ತಿರುಗಿಲ್ಲ. ತಿರುಗದ ಮಾತ್ರಕ್ಕೆ ಗಬ್ಬ ಅಂತಲ್ಲ. ಎರಡು ತಿಂಗಳಿಗೆ ಕೈ ಹಾಕಿ ನೋಡಿದ ಮೇಲೇ ನಂಬೋದು.

ಒಂದು ಸ್ಲೇಟು, ಒಂದು ಪರೀಕ್ಷಾ ನಳಿಕೆ, ಒಂದಿಷ್ಟು ಕಾಸ್ಟಿಕ್ ಸೋಡಾ. ಇಷ್ಟಕ್ಕೆ ಅನುದಾನ ಇಲ್ಲ ಅಂತೀರಾ? ಹೋದ ತಿಂಗಳು ಜಾನುವಾರು ಶಿಬಿರದ ಶಾಮಿಯಾನಕ್ಕೆ ಎಷ್ಟು ಖರ್ಚಾಯಿತೋ ಕೇಳಲ್ಲ ಬಿಡಿ.

ಮತ್ತೆ ಹೇಳ್ತೀನಿ, ಮೂರು ಸಲ ತಿರುಗಿದ ಹಸುವನ್ನು ಪರೀಕ್ಷೆ ಮಾಡದೆ ನಾಲ್ಕನೇ ಸಲ ಹಾಕಬಾರದು ಅಂತ ಬರೆದು ಆದೇಶ ಕೊಡಿಸಿ. ಫೋನ್ ಮಾಡಿದ ಹೊತ್ತು, ಬಂದ ಹೊತ್ತು ಎರಡನ್ನೂ ರೈತರ ಮುಂದೆಯೇ ಬರೆಸಿ. ಕ್ಯಾನಿನಲ್ಲಿ ದ್ರವ ಸಾರಜನಕ ಎಷ್ಟಿದೆ ಅಂತ ಕೇಳಿದರೆ ತೋರಿಸಲಿ. ಅದು ಕಡಿಮೆಯಾಗಿ ಬೀಜ ಸತ್ತಿದ್ದರೂ ಹೊರಗಿನಿಂದ ಸ್ಟ್ರಾ ನೋಡಿದರೆ ಏನೂ ಗೊತ್ತಾಗಲ್ಲ.

ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಹಸು ತಿರುಗುತ್ತಿವೆ. ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಎರಡು ಹಸುವಿನ ಒಬ್ಬ ಹೆಣ್ಣುಮಗಳು