ಊಟ ಆಯ್ತಾ? ದೂರಾನಾ?

ಪ್ರೀತಿಯ ಗೆಳೆಯಾ,

ಚಿಂತಾಮಣಿಗೆ ಬಂದು ತಿಂಗಳೂ ಆಗಿಲ್ಲ, ಆಗಲೇ ಎಡವಟ್ಟು ಮಾಡಿಕೊಂಡಿದ್ದೀಯ. ಎದುರುಮನೆ ಅಜ್ಜಿ ‘ಊಟ ಆಯ್ತಾ?’ ಅಂದಾಗ ‘ಇಲ್ಲ, ಗ್ಯಾಸ್ ಖಾಲಿ’ ಅಂದೆಯಂತೆ. ಹತ್ತೇ ನಿಮಿಷಕ್ಕೆ ಅವರು ಮುದ್ದೆ, ಸೊಪ್ಪಿನ ಸಾರು ಕಳಿಸಿದರಂತೆ.

ಅವರು ನಿನ್ನ ಹೊಟ್ಟೆ ವಿಚಾರಿಸಿರಲಿಲ್ಲ ಕಣೋ. ಎದುರಿಗೆ ಸಿಕ್ಕೆ, ಮಾತಾಡಿಸಿದರು, ಅಷ್ಟೇ. ಅದಕ್ಕೆ ‘ಆಯ್ತಜ್ಜಿ, ನಿಮ್ದು?’ ಅಂದರೆ ಮುಗೀತು. ನಿಜವಾಗಿ ಉಂಡಿರದಿದ್ದರೂ ಹಾಗೇ ಅನ್ನಬೇಕು. ‘ಇಲ್ಲ’ ಅಂದರೆ ಕೇಳಿದವರ ತಲೆ ಮೇಲೆ ಭಾರ ಬೀಳುತ್ತದೆ. ನಿಜವಾಗಿ ಊಟಕ್ಕೆ ಕರೆಯುವವರು ‘ಆಯ್ತಾ’ ಅನ್ನುವುದಿಲ್ಲ, ‘ಬಾ, ಕೂತ್ಕೊ’ ಅಂತಾರೆ.

ಹೊತ್ತಿಗೆ ತಕ್ಕ ಮಾತೂ ಇದೆ. ಬೆಳಗಾದರೆ ಕಾಫಿ, ಆಮೇಲೆ ತಿಂಡಿ, ಮಧ್ಯಾಹ್ನ, ರಾತ್ರಿ ಊಟ. ಸಂಜೆ ಐದಕ್ಕೆ ‘ಊಟ ಆಯ್ತಾ’ ಅಂದರೆ ನಗ್ತಾರೆ.

ಈ ಮಾತಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಬೇರೆ. ‘ಊಟ ಮಾಡಿದ್ಯಾ’ ಅಂದರೆ ನೀನು, ‘ಮಾಡಿದ್ರಾ’ ಅಂದರೆ ನೀವು. ‘ಆಯ್ತಾ’ದಲ್ಲಿ ಎರಡೂ ಇಲ್ಲ. ಆಗಿದ್ದು ಊಟ. ಹೊಸಬರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ಗೊತ್ತಾಗದಾಗ ಇದರಿಂದ ಬಚಾವ್. ಸಲಿಗೆಯೋ ಗೌರವವೋ ಬೇಕಾದರೆ ಕೊನೆಗೆ ಒಂದು ‘ಅಣ್ಣ’, ‘ಅಮ್ಮ’ ಸೇರಿಸಿದರೆ ಸಾಕು. ನಿಮ್ಮ ಕಡೆ ತೆಲುಗಿನವರು ‘ಭೋಜನಂ ಅಯಿಂದಾ?’ ಅನ್ನುವುದೂ ಇದೇ ಲೆಕ್ಕ.

ಇನ್ನೊಂದು, ಹುಷಾರು. ಹೊರಟವರನ್ನು ‘ಎಲ್ಲಿಗೆ?’ ಅನ್ನಬೇಡ. ಹೋದ ಕೆಲಸ ಕೆಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಚಿಕ್ಕವನಿದ್ದಾಗ ನಮ್ಮ ದೊಡ್ಡಪ್ಪ ಹೆಣ್ಣು ನೋಡಲು ಹೊರಟಿದ್ದರು. ನಾನು ಸುಮ್ನೆ ‘ಎಲ್ಲಿಗೆ ದೊಡ್ಡಪ್ಪಾ?’ ಅಂದೆ. ಅವರು ವಾಪಸ್ ಬಂದು ಚಪ್ಪಲಿ ಬಿಟ್ಟು, ಜಗಲಿ ಮೇಲೆ ಕೂತು, ನೀರು ಕುಡಿದು, ಆಮೇಲೆ ಮತ್ತೆ ಹೊರಟರು. ಅಷ್ಟು ಹೊತ್ತೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಕೊನೆಗೆ ಬಸ್ಸು ತಪ್ಪಿದ್ದು ಹಾಗೆ ವಾಪಸ್ ಬಂದು ಕೂತಿದ್ದರಿಂದಲೇ, ಶಕುನದಿಂದಲ್ಲ!

ಅದಕ್ಕೇ ನಾವು ‘ದೂರಾನಾ?’ ಅನ್ನುವುದು, ಇಲ್ಲಾ ‘ದೂರ ಹೊರಟಂಗಿದೆ?’ ಅಂತ. ಇದಕ್ಕೂ ಊರಿನ ಹೆಸರು ಹೇಳಬೇಕಾಗಿಲ್ಲ. ‘ಇಲ್ಲೇ, ಹಿಂಗೆ’ ಅಂತ ಕೈ ತೋರಿಸಿದರೂ ಸರಿಯಾದ ಉತ್ತರವೇ. ಹೇಳಬೇಕು ಅನ್ನಿಸಿದರೆ ‘ಕೋಲಾರದ ತನಕ’ ಅನ್ನು. ಆಗ ಅವರು ನಿಂತು ಮಾತಾಡಬಹುದು, ವಾಪಸ್ ಬರುವಾಗ ಏನಾದರೂ ತರಲೂ ಹೇಳಬಹುದು.

ಅಂದಹಾಗೆ, ಅಜ್ಜಿಯ ತಟ್ಟೆ ವಾಪಸ್ ಕೊಟ್ಟೆಯಾ? ಖಾಲಿ ಕೊಡಬೇಡ, ಎರಡು ಬಾಳೆಹಣ್ಣಾದರೂ ಇಡು.

ನಿನ್ನ ಗೆಳೆಯ