ಚೆಕ್ ವಾಪಸಾತಿ ಮೆಮೊ 27 ದಿನ ತಡವಾಗಿ ಕೊಟ್ಟ ಬಗ್ಗೆ ದೂರು

ದಿನಾಂಕ: 18 ಏಪ್ರಿಲ್ 2024
ತೀರ್ಥಹಳ್ಳಿ

ಗೆ,
ಶಾಖಾ ವ್ಯವಸ್ಥಾಪಕರು

ವಿಷಯ: ಬೌನ್ಸ್ ಆದ ₹1,86,500ರ ಚೆಕ್ ಮತ್ತು ಮೆಮೊವನ್ನು ಸಕಾಲದಲ್ಲಿ ಕೊಡದೆ, ಕಾನೂನು ಕ್ರಮಕ್ಕಿದ್ದ ಅವಧಿಯನ್ನು ಬಹುಪಾಲು ಕಳೆದದ್ದು

ಮಾನ್ಯರೇ,

ನಾನು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ನಡೆಸುತ್ತೇನೆ. ಒಂಬತ್ತು ವರ್ಷಗಳಿಂದ ನಿಮ್ಮ ಶಾಖೆಯಲ್ಲಿ ಚಾಲ್ತಿ ಖಾತೆ ಇದೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ತಟ್ಟೆ ಒಯ್ದ ಬಾಬ್ತು ಫೆಬ್ರವರಿ 5ರ ದಿನಾಂಕದ ₹1,86,500ರ ಚೆಕ್ ಕೊಟ್ಟಿದ್ದರು. ಅದನ್ನು 7ರಂದು ನಿಮ್ಮ ಕೌಂಟರಿನಲ್ಲಿ ಕಟ್ಟಿದೆ. 8ರ ಸಂಜೆ ಚೆಕ್ ವಾಪಸಾಗಿದೆ ಎಂದು ಮೊಬೈಲಿಗೆ ನಿಮ್ಮ ಸಂದೇಶ ಬಂತು. ಏಕೆ ವಾಪಸಾಯಿತು ಎಂದು ಅದರಲ್ಲಿ ಇರಲಿಲ್ಲ. ಚೆಕ್ಕೂ ಮೆಮೊವೂ ನನ್ನ ಕೈಗೆ ಬಂದದ್ದು ಮಾರ್ಚ್ 6ಕ್ಕೆ. ವಾಪಸಾತಿ ಶುಲ್ಕವನ್ನು ಮಾತ್ರ ಫೆಬ್ರವರಿ 8ರಂದೇ ಖಾತೆಯಿಂದ ಕಡಿದುಕೊಂಡಿದ್ದೀರಿ, ಅದರಲ್ಲಿ ಒಂದು ದಿನವೂ ತಡವಾಗಿಲ್ಲ.

ನಡುವೆ ಮೂರು ಸಲ ಶಾಖೆಗೆ ಬಂದಿದ್ದೆ, ಫೆಬ್ರವರಿ 12, 19 ಮತ್ತು 26ರಂದು. ಮೂರು ಸಲವೂ ಸಿಕ್ಕಿದ್ದು ಒಂದೇ ಉತ್ತರ: "ಹುಬ್ಬಳ್ಳಿ ಚೆಕ್ಕಲ್ವಾ ಸಾರ್, ಅಲ್ಲಿಂದ ವಾಪಸ್ ಬರ್ಬೇಕು." ನನಗೂ ಅದು ನಿಜವೆನಿಸಿತ್ತು. ಆಮೇಲೆ ವಕೀಲರು ಹೇಳಿದ ಮೇಲೆ ತಿಳಿಯಿತು, ಚೆಕ್ಕಿನ ಕಾಗದ ಹುಬ್ಬಳ್ಳಿಗೆ ಹೋಗಿಯೇ ಇರುವುದಿಲ್ಲ. ಈಗಿನ ಸಿಟಿಎಸ್ ಪದ್ಧತಿಯಲ್ಲಿ ಚೆಕ್ಕನ್ನು ಸ್ಕ್ಯಾನ್ ಮಾಡಿ ಚಿತ್ರವನ್ನಷ್ಟೇ ಕ್ಲಿಯರಿಂಗಿಗೆ ಕಳಿಸುತ್ತಾರೆ, ಕಾಗದ ಕಟ್ಟಿಸಿಕೊಂಡ ಬ್ಯಾಂಕಿನಲ್ಲೇ ಉಳಿಯುತ್ತದೆ. ಅಂದರೆ ನನ್ನ ಚೆಕ್ ಅಷ್ಟೂ ದಿನ ನಿಮ್ಮ ಬ್ಯಾಂಕಿನದೇ ಯಾವುದೋ ಕಪಾಟಿನಲ್ಲಿತ್ತು. ಕೊನೆಗೆ ಕೊಟ್ಟ ಮೆಮೊದ ಮೇಲೆ ಫೆಬ್ರವರಿ 8 ಎಂದೇ ಅಚ್ಚಾಗಿದೆ, ಕಾರಣದ ಜಾಗದಲ್ಲಿ 'ಫಂಡ್ಸ್ ಇನ್‌ಸಫಿಶಿಯೆಂಟ್' ಎಂದಿದೆ.

ಒಂದು ತಿಂಗಳು ತಡವಾದರೆ ಆಕಾಶವೇನು ಬಿತ್ತು ಎಂದು ನಿಮ್ಮ ಸಿಬ್ಬಂದಿಯೊಬ್ಬರು ಕೇಳಿದರು. ಅವರಿಗಾಗಿಯೇ ಈ ಪತ್ರವನ್ನು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಚೆಕ್ ಬೌನ್ಸ್ ಆದ ಮಾತ್ರಕ್ಕೆ ಚೆಕ್ಕುಗಳ ಕಾಯ್ದೆಯಾದ ಎನ್.ಐ. ಆಕ್ಟ್ ಕಲಂ 138ರ ಅಪರಾಧ ಪೂರ್ತಿಯಾಗುವುದಿಲ್ಲ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ನನಗೆ ತಲುಪಿದ 30 ದಿನದೊಳಗೆ, ಹಣ ಕೊಡು ಎಂದು ಚೆಕ್ ಕೊಟ್ಟವರಿಗೆ ಬರಹದಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ಅವರಿಗೆ ತಲುಪಿದ ಮೇಲೆ ಹಣ ಕಟ್ಟಲು 15 ದಿನ ಬಿಡಬೇಕು. ಆ 15 ದಿನ ಕಳೆದರೂ ಕೊಡದಿದ್ದರೆ ವ್ಯಾಜ್ಯ ಕಾರಣ, ಅಂದರೆ ಕೇಸು ಹಾಕುವ ಹಕ್ಕು, ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಫಿರ್ಯಾದಿ ಸಲ್ಲಿಸಬೇಕು.

ಈ ಗಡುವುಗಳೆಲ್ಲ ಒಂದೇ ತೂಕದವಲ್ಲ. ಕೊನೆಯ ಒಂದು ತಿಂಗಳು ಮೀರಿದರೆ ತಕ್ಕ ಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ನ್ಯಾಯಾಲಯವನ್ನು ಕೇಳಬಹುದು, ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಮೊದಲಿನ 30 ದಿನಕ್ಕೆ ಅಂಥ ಅವಕಾಶವಿಲ್ಲ. 31ನೆಯ ದಿನ ನೋಟಿಸ್ ಹಾಕಿದರೆ, ಬ್ಯಾಂಕಿನವರು ತಡ ಮಾಡಿದರು ಎಂದು ಎಷ್ಟು ಅತ್ತರೂ ಆ ನೋಟಿಸಿನ ಮೇಲೆ ಕೇಸು ನಿಲ್ಲುವುದಿಲ್ಲ. ನೀವು ಕಳೆದದ್ದು ಯಾವ ನ್ಯಾಯಾಧೀಶರೂ ತುಂಬಿಕೊಡಲಾಗದ ದಿನಗಳನ್ನು. ಮೊದಲು ಈ ಅವಧಿ 15 ದಿನವೇ ಇತ್ತಂತೆ, 2002ರ ತಿದ್ದುಪಡಿಯಲ್ಲಿ 30 ಆಯಿತು. ಹಳೆಯ ಲೆಕ್ಕವೇ ಇದ್ದಿದ್ದರೆ ನಿಮ್ಮ ಸಿಬ್ಬಂದಿ ಹುಬ್ಬಳ್ಳಿಯ ಕಡೆ ಕೈ ತೋರಿಸುತ್ತಿದ್ದಾಗಲೇ, ಫೆಬ್ರವರಿ 23ಕ್ಕೆ, ನನ್ನ ನೋಟಿಸಿನ ಅವಧಿ ಮುಗಿದಿರುತ್ತಿತ್ತು.

30 ದಿನವನ್ನು ಮೆಮೊ ಕೈಗೆ ಬಂದ ಮಾರ್ಚ್ 6ರಿಂದ ಎಣಿಸಬಹುದಲ್ಲ ಎಂದು ನೀವು ಹೇಳಬಹುದು. ಕಾಯ್ದೆಯಲ್ಲಿರುವ ಮಾತು ಬ್ಯಾಂಕಿನಿಂದ 'ಮಾಹಿತಿ' ಬಂದ ದಿನ ಎಂದು, ಮೆಮೊ ಬಂದ ದಿನ ಎಂದಲ್ಲ. ಫೆಬ್ರವರಿ 8ರ ಸಂದೇಶವೂ ನೀವೇ ಕಳಿಸಿದ್ದು. ಅದೇ ಮಾಹಿತಿ ಎಂದು ಎದುರು ವಕೀಲರು ವಾದಿಸಿದರೆ ಆ ಗೊಡವೆ ನಮಗೆ ಬೇಡ, ಹಿಂದಿನ ದಿನಾಂಕವನ್ನೇ ಹಿಡಿಯೋಣ ಎಂದರು ನಮ್ಮ ವಕೀಲರು. ಹಾಗೆ ಹಿಡಿದು, 8ನ್ನು ಬಿಟ್ಟು 9ರಿಂದ ಎಣಿಸಿದರೆ ಫೆಬ್ರವರಿಯಲ್ಲಿ 21 ದಿನ, ಮಾರ್ಚಿನಲ್ಲಿ 9 ದಿನ. ಕೊನೆಯ ದಿನ ಮಾರ್ಚ್ 9.

ಈಗ ನನ್ನ ಪಾಲಿಗೆ ಉಳಿದದ್ದೆಷ್ಟು ನೋಡಿ. 6ರ ಮಧ್ಯಾಹ್ನ ಮೆಮೊ ಕೊಟ್ಟಿರಿ. 8ನೇ ತಾರೀಕು ಮಹಾಶಿವರಾತ್ರಿ. 9 ಎರಡನೇ ಶನಿವಾರ, ನಿಮ್ಮ ಬಾಗಿಲು ಹಾಕಿರುತ್ತದೆ. ಶಾಖೆಯಲ್ಲಿ ಆಗಬೇಕಾದ ಕೆಲಸ ಏನಿದ್ದರೂ 7ರಂದೇ ಆಗಬೇಕು. ಕೆಲಸ ಇತ್ತು ಕೂಡ. 6ರಂದು ಕೊಟ್ಟ ಮೆಮೊದ ಮೇಲೆ ಸೀಲೂ ಇರಲಿಲ್ಲ, ಸಹಿಯೂ ಇರಲಿಲ್ಲ! ಅದೇ ಕಾಯ್ದೆಯ ಕಲಂ 146ರ ಪ್ರಕಾರ ಬ್ಯಾಂಕಿನ ಅಧಿಕೃತ ಗುರುತು ಇರುವ ಮೆಮೊ ಹಾಜರುಪಡಿಸಿದರೆ, ಅಲ್ಲವೆಂದು ಸಾಬೀತಾಗುವವರೆಗೆ ಚೆಕ್ ಬೌನ್ಸ್ ಆಗಿದೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ಗುರುತಿಲ್ಲದ ಕಾಗದಕ್ಕೆ ಆ ಬಲವಿಲ್ಲ, ಅಷ್ಟನ್ನು ಹೇಳಿಸಲು ನಿಮ್ಮವರನ್ನೇ ಸಾಕ್ಷಿಗೆ ಕರೆಸಬೇಕಾಗಬಹುದು. 7ರಂದು ಬೆಳಿಗ್ಗೆ ಹತ್ತಕ್ಕೆ ಬಂದು ನಿಂತವನಿಗೆ ಸೀಲು ಬಿದ್ದದ್ದು ಹನ್ನೆರಡೂವರೆಗೆ.

ಅಲ್ಲಿಂದ ವಕೀಲರ ಕಚೇರಿಗೆ ಓಡಿದೆ. ಗಡಿಬಿಡಿಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಆ ವ್ಯಾಪಾರಿಯಿಂದ ನನಗೆ ಬರಬೇಕಾದ ಒಟ್ಟು ಬಾಕಿ ₹2,11,000, ಚೆಕ್ ಇದ್ದದ್ದು ₹1,86,500ಕ್ಕೆ. ನಾನು ಅವಸರದಲ್ಲಿ ಒಟ್ಟು ಬಾಕಿ ಹೇಳಿದೆ, ಗುಮಾಸ್ತರು ಅದನ್ನೇ ಟೈಪು ಮಾಡಿದರು. ವಕೀಲರು ಸಹಿ ಹಾಕುವ ಮುಂಚೆ ಚೆಕ್ಕಿನ ಜೊತೆ ತಾಳೆ ನೋಡಿ ಪೂರ್ತಿ ಪುಟ ಬದಲಿಸಿದರು. ಕಲಂ 138ರ ನೋಟಿಸು ಕೇಳಬೇಕಾದದ್ದು ಚೆಕ್ಕಿನ ಮೊತ್ತವನ್ನು. ಚೆಕ್ಕಿನ ಹಣ ಎಷ್ಟು ಎಂದು ಬಿಡಿಸಿ ತೋರಿಸದೆ ಎಲ್ಲ ಬಾಕಿಯನ್ನೂ ಒಟ್ಟುಗೂಡಿಸಿ ಕೇಳಿದರೆ ನೋಟಿಸೇ ಊರ್ಜಿತವಲ್ಲ. ಸಾಮಾನ್ಯವಾಗಿ ಅಂಥ ತಪ್ಪು ಆಮೇಲೆ ಕಣ್ಣಿಗೆ ಬಿದ್ದರೂ ಅವಧಿಯೊಳಗೆ ಇನ್ನೊಂದು ಸರಿಯಾದ ನೋಟಿಸ್ ಕಳಿಸಬಹುದು. ನಮಗೆ ಆ ಪುರುಸೊತ್ತನ್ನು ನೀವು ಉಳಿಸಿರಲಿಲ್ಲ. ಸಂಜೆ ನಾಲ್ಕೂವರೆಗೆ ಅವರ ಅಂಗಡಿ ಮತ್ತು ಮನೆ, ಎರಡೂ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆವು. ಅದು 28ನೆಯ ದಿನ.

ಗಡುವು ತಪ್ಪಿದ್ದರೂ ಚೆಕ್ಕನ್ನು ಮತ್ತೊಮ್ಮೆ ಹಾಕಬಹುದಿತ್ತಲ್ಲ ಎಂಬುದು ನಿಮ್ಮ ಇನ್ನೊಂದು ಸಮಾಧಾನ. ಮಾತು ಸುಳ್ಳಲ್ಲ. ಚೆಕ್ಕಿನ ದಿನಾಂಕದಿಂದ ಮೂರು ತಿಂಗಳೊಳಗೆ ಮತ್ತೆ ಹಾಕಬಹುದು, ಮತ್ತೆ ಬೌನ್ಸ್ ಆದರೆ ಹೊಸದಾಗಿ 30 ದಿನ ಸಿಗುತ್ತದೆ. ನನ್ನ ಚೆಕ್ಕಿಗೆ ಮೇ ಮೊದಲ ವಾರದವರೆಗೆ ಆಯುಷ್ಯ ಇತ್ತು. ಆದರೆ ಹಾಕಲು ಚೆಕ್ ನನ್ನ ಕೈಯಲ್ಲಿರಬೇಕಲ್ಲ? ನವೆಂಬರ್ ಕೊನೆಯದ್ದೋ ಡಿಸೆಂಬರ್ ಮೊದಲ ವಾರದ್ದೋ ಚೆಕ್ ತಂದ ಇನ್ನೊಬ್ಬ ಗ್ರಾಹಕನಿಗೆ ನೀವು ಹೀಗೆ 27 ದಿನ ತಡ ಮಾಡಿದ್ದರೆ ಅವನಿಗೆ ಈ ಹಿಂಬಾಗಿಲೂ ಮುಚ್ಚಿರುತ್ತಿತ್ತು.

ಮುಂದಿನದ್ದನ್ನು ಚುಟುಕಾಗಿ ಹೇಳುತ್ತೇನೆ. ನೋಟಿಸ್ ಮಾರ್ಚ್ 11ರಂದು ಬಟವಾಡೆಯಾಯಿತು. 15 ದಿನ ಮುಗಿದದ್ದು 26ಕ್ಕೆ. ಹಣ ಬರಲಿಲ್ಲ, ಉತ್ತರವೂ ಬರಲಿಲ್ಲ, ಫೋನಿನಲ್ಲಿ "ಯುಗಾದಿ ಕಳೀಲಿ" ಎಂಬ ಮಾತಷ್ಟೇ ಬಂತು. 26 ಮುಗಿಯುವ ಮುಂಚೆ ಕೇಸು ಹಾಕುವಂತಿರಲಿಲ್ಲ, 15 ದಿನ ತುಂಬದೆ ಹಾಕಿದ ಫಿರ್ಯಾದಿ ಫಿರ್ಯಾದಿಯೇ ಅಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. 27ರಂದು ವ್ಯಾಜ್ಯ ಕಾರಣ ಹುಟ್ಟಿತು, ಏಪ್ರಿಲ್ 27ರವರೆಗೆ ಅವಕಾಶವಿತ್ತು, ಏಪ್ರಿಲ್ 15ರಂದೇ ಸಲ್ಲಿಸಿದ್ದೇನೆ. 2015ರ ತಿದ್ದುಪಡಿಯ ನಂತರ, ಖಾತೆಗೆ ಕಟ್ಟಿದ ಚೆಕ್ಕಿನ ಕೇಸು ಹಣ ಪಡೆಯಬೇಕಾದವನ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ ನಡೆಯುತ್ತದೆ. ಹಾಗಾಗಿ ನಾನು ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ಸಮನ್ಸ್ ಬಂದರೆ ನಿಮಗೂ ದೂರವಾಗುವುದಿಲ್ಲ.

ಅದಕ್ಕೇ ಈ ಪತ್ರ. ಪಾಟಿಸವಾಲಿನಲ್ಲಿ ನನಗೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಚೆಕ್ ವಾಪಸಾದದ್ದು ನಿಮಗೆ ಯಾವಾಗ ಗೊತ್ತಾಯಿತು ಎಂಬುದು. ನನ್ನ ಬಾಯಿಮಾತಿನ ಬದಲು ನಿಮ್ಮ ಕಾಗದ ಬೇಕು. ಫೆಬ್ರವರಿ 8ರಂದು ಸಂದೇಶ ಕಳಿಸಿದ್ದು, ಮಾರ್ಚ್ 6ರಂದು ಚೆಕ್ ಮತ್ತು ಮೆಮೊ ಕೊಟ್ಟದ್ದು, 7ರಂದು ಸೀಲು ಹಾಕಿದ್ದು, ಇಷ್ಟನ್ನು ದಿನಾಂಕ ಸಹಿತ ಶಾಖೆಯ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ. ಜೊತೆಗೆ ಆ ಅವಧಿಯ ಖಾತೆ ವಿವರದ ದೃಢೀಕೃತ ಪ್ರತಿ ಬೇಕು. ಬೌನ್ಸ್ ಆದ ಚೆಕ್ಕನ್ನು ವಿಳಂಬವಿಲ್ಲದೆ, ಏನೇ ಆದರೂ 24 ಗಂಟೆಯೊಳಗೆ ಗ್ರಾಹಕನಿಗೆ ಮರಳಿಸಬೇಕು ಅಥವಾ ರವಾನಿಸಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಇಲ್ಲಿ 24 ಗಂಟೆ ಹೇಗೆ 27 ದಿನವಾಯಿತು ಎಂಬುದಕ್ಕೆ ಲಿಖಿತ ವಿವರಣೆ ಕೊಡಿ, ನಿಮ್ಮ ಬ್ಯಾಂಕಿನ ಚೆಕ್ ಸಂಗ್ರಹಣಾ ನೀತಿಯಂತೆ ನನಗೆ ಸಲ್ಲಬೇಕಾದ ಪರಿಹಾರವೇನಾದರೂ ಇದ್ದರೆ ಅದನ್ನೂ ತಿಳಿಸಿ. ಕೌಂಟರಿನ ಹುಡುಗನ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಚೆಕ್ ಎಲ್ಲಿದೆ ಎಂದು ಅವನಿಗೆ ಹೇಳಿಕೊಟ್ಟವರು ಯಾರೂ ಇದ್ದಂತೆ ಕಾಣಲಿಲ್ಲ.

30 ದಿನದಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ. ಆ 30 ದಿನ ಎಣಿಸಲು ಆಧಾರ ಬೇಕಾದ್ದರಿಂದ, ಈ ಪತ್ರದ ನಕಲಿನ ಮೇಲೆ ಸ್ವೀಕೃತಿ ಸೀಲು ಒತ್ತಿ, ದಿನಾಂಕ ಬರೆದು, ಸಹಿ ಹಾಕಿ ಈಗಲೇ ಕೊಡಬೇಕಾಗಿ ಕೋರುತ್ತೇನೆ.

ಇಂತಿ,
ನಿಮ್ಮ ಶಾಖೆಯ ಚಾಲ್ತಿ ಖಾತೆದಾರ

ಲಗತ್ತು: ಮೆಮೊ, ಫೆಬ್ರವರಿ 8ರ ಸಂದೇಶ, ಪಾಸ್‌ಬುಕ್ ಪುಟ ಮತ್ತು ಸ್ಪೀಡ್ ಪೋಸ್ಟ್ ರಸೀದಿಗಳ ನಕಲು